ಅಳಿಸಿಹೋದವನನ್ನು ಕೇಳಿದರೆ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದ ಗೋಡೆಗಳಿಗೂ ಗೊತ್ತು. ಮದ್ದೂರಿನಲ್ಲಿ ರೈಲು ಹತ್ತಿ ಮಂಡ್ಯದವರೆಗೆ ಬಾಗಿಲ ಬಳಿ ನಿಂತೇ ಬಂದ ದಿನ ನನ್ನ ಮೊದಲ ತರಗತಿಯಲ್ಲಿ ಯಾರೂ ಕೆಮ್ಮುವುದೂ ಇಲ್ಲ. ಆ ವರ್ಷ ಡೇಟಾ ಸ್ಟ್ರಕ್ಚರ್ಸ್ ಲ್ಯಾಬನ್ನು ನನಗೆ ವಹಿಸಿದಾಗ ಹುಡುಗರು ಹರಕೆಯ ಕುರಿಗಳ ಹಾಗೆ ಮುಖ ಮಾಡಿಕೊಂಡರು. ಅದುವರೆಗೆ ಆ ಲ್ಯಾಬು ನನ್ನ ಸಹೋದ್ಯೋಗಿಯ ಕೈಯಲ್ಲಿತ್ತು. ಅವನು ಗುತ್ತಲಿನವನು, ಇದೇ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು, ಬೈದರೂ ನಗುವವನು. ಅಂಥವನನ್ನು ಬಿಟ್ಟು ನನ್ನ ಕೈಗೆ ಸಿಕ್ಕಿಕೊಂಡರೆ ಯಾರ ಮುಖ ತಾನೇ ಅರಳುತ್ತದೆ?

ಆ ಲ್ಯಾಬಿನ ಮ್ಯಾನ್ಯುಯಲ್ ಬರೆದವನೂ ಅವನೇ. ಜಾವಾದಲ್ಲಿ ಮಾಡಬೇಕಾದ ಎಲ್ಲ ಪ್ರೋಗ್ರಾಮುಗಳೂ ಅದರಲ್ಲಿದ್ದವು. ಪ್ರತಿಯೊಂದರ ಕೆಳಗೆ ಮಾದರಿಯಾಗಿ ಯಾವ ಸಂಖ್ಯೆ ಕೊಡಬೇಕು, ಯಾವ ಉತ್ತರ ಬರುತ್ತದೆ ಎಂದೂ ಬರೆದಿತ್ತು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ಸೆಮಿಸ್ಟರು ಶುರುವಾಯಿತೆಂದು ಗೊತ್ತಾಗುತ್ತಿದ್ದುದೇ ಅದರಿಂದ. ನಮ್ಮ ಹುಡುಗ ಹುಡುಗಿಯರಿಗೆ ಪ್ರೋಗ್ರಾಮು ಬಾಯಿಪಾಠ, ಕೊಡುವ ಸಂಖ್ಯೆ ಬಾಯಿಪಾಠ, ಬರುವ ಉತ್ತರವೂ ಬಾಯಿಪಾಠ. ನಡುವೆ ಕಂಪ್ಯೂಟರು ಇರುವುದು ಶಾಸ್ತ್ರಕ್ಕೆ. ಪರೀಕ್ಷೆಗೆ ಹೊರಗಿನಿಂದ ಬರುವ ಮೇಷ್ಟರುಗಳೂ ಮ್ಯಾನ್ಯುಯಲನ್ನು ಪಕ್ಕದಲ್ಲಿಟ್ಟುಕೊಂಡು, ಪರದೆಯ ಮೇಲೆ ಅದೇ ಉತ್ತರ ಮೂಡಿದೆಯೇ ಎಂದು ನೋಡಿ, ಮಾರ್ಕ್ಸ್ ಹಾಕಿ ಊಟಕ್ಕೆ ಏಳುತ್ತಿದ್ದರು.

ನಾನು ಲ್ಯಾಬು ವಹಿಸಿಕೊಂಡ ಮೊದಲ ವಾರವೇ ಬೆಳಕವಾಡಿಯ ಹುಡುಗಿಯೊಬ್ಬಳು ಬಂದಳು. ಮೂರನೇ ವರ್ಷದವಳು, ಆದರೆ ಎರಡನೇ ವರ್ಷದ ಈ ಲ್ಯಾಬು ಅವಳಿಗೆ ಬಾಕಿ. ಉಳಿದದ್ದೆಲ್ಲ ಪಾಸು. ಇದೊಂದನ್ನು ಈ ಸಲ ದಾಟದಿದ್ದರೆ ಕೊನೆಯ ವರ್ಷಕ್ಕೆ ಪ್ರವೇಶವಿಲ್ಲ. ಜೊತೆಯವರು ಮುಂದೆ ಹೋಗುತ್ತಾರೆ, ಇವಳು ಒಂದು ವರ್ಷ ಮನೆಯಲ್ಲಿ ಕೂರಬೇಕು. ಮಳವಳ್ಳಿಗೆ ಬಂದು ಬಸ್ಸು ಬದಲಿಸಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಮಂಡ್ಯ ತಲುಪುವ ಹೊತ್ತಿಗೆ ಅವಳಿಗೆ ಯಾವಾಗಲೂ ತಡ.

"ಏನಮ್ಮ, ಲ್ಯಾಬು ನಿನಗಾಗಿ ಕಾಯಬೇಕಾ?" ಎಂದೆ.

"ಕಾಯದೇ ಇನ್ನೇನ್ ಮಾಡತ್ತೆ ಮೇಡಂ, ಅದೇನ್ ಎದ್ದು ಓಡೋಯ್ತದಾ?" ಎಂದಳು.

ಅಬ್ಬಾ ಎನಿಸಿತು. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ, ಯಾಕೆಂದರೆ ಆ ವಯಸ್ಸಿನಲ್ಲಿ ನನ್ನ ಬಾಯಿಯೂ ಹಾಗೇ ಇತ್ತೆಂದು ನನ್ನಮ್ಮ ಈಗಲೂ ಹೇಳುತ್ತಾಳೆ.

ಅವಳು ಫೇಲಾದದ್ದು ಎವಿಎಲ್ ಮರದಲ್ಲಿ. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಸಂಖ್ಯೆಗಳನ್ನು ಒಂದು ಮರದ ಆಕಾರದಲ್ಲಿ ಇಡುವುದು: ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ಮರ ತಲೆಕೆಳಗು, ಬೇರು ಮೇಲೆ; ಮೇಲಿನ ಸಂಖ್ಯೆ ತಂದೆ, ಅದರ ಕೆಳಗೆ ತೂಗುವುದು ಮಗು. ಒಂದೇ ಕಡೆ ಬೆಳೆದು ಉದ್ದವಾದರೆ ಹುಡುಕುವುದು ನಿಧಾನ. ಅದಕ್ಕೇ ಪ್ರತಿ ಸಂಖ್ಯೆಯ ಬಳಿ ನಿಂತು, ಅದರ ಎಡಗಡೆಯ ಎತ್ತರದಿಂದ ಬಲಗಡೆಯ ಎತ್ತರವನ್ನು ಕಳೆಯುತ್ತೇವೆ. ಬಂದದ್ದೇ ಬ್ಯಾಲೆನ್ಸ್ ಫ್ಯಾಕ್ಟರು. ಅದು ಒಂದು, ಸೊನ್ನೆ ಅಥವಾ ಮೈನಸ್ ಒಂದು ಇದ್ದರೆ ಕ್ಷೇಮ. ಎರಡಾದರೆ ಎಡಕ್ಕೆ ವಾಲಿದೆ, ಮೈನಸ್ ಎರಡಾದರೆ ಬಲಕ್ಕೆ. ಆಗ ಆ ಜಾಗದಲ್ಲಿ ಮರವನ್ನು ತಿರುಗಿಸಿ, ಅಂದರೆ ಮಗುವನ್ನು ಮೇಲೇರಿಸಿ ತಂದೆಯನ್ನು ಕೆಳಗಿಳಿಸಿ, ಸರಿಮಾಡಬೇಕು. ಹೊಸ ಸಂಖ್ಯೆ ಸೇರಿಸಿದಾಗಲೂ ಇದ್ದದ್ದನ್ನು ಅಳಿಸಿದಾಗಲೂ ಕೆಳಗಿನಿಂದ ಬೇರಿನವರೆಗೆ ಎತ್ತರಗಳನ್ನು ಹೊಸದಾಗಿ ಲೆಕ್ಕ ಹಾಕಿಕೊಂಡೇ ಬರಬೇಕು. ಇಷ್ಟೇ ಕಥೆ. ಇಷ್ಟಕ್ಕೇ ವರ್ಷಕ್ಕೆ ಎಷ್ಟು ಮಕ್ಕಳು ಕಣ್ಣೀರು ಹಾಕುತ್ತಾರೋ ಶಿವನಿಗೇ ಗೊತ್ತು.

"ಅಲ್ಲ, ಮ್ಯಾನ್ಯುಯಲ್ಲಿನಲ್ಲಿ ಇದ್ದದ್ದನ್ನೇ ಟೈಪ್ ಮಾಡಿಯೂ ಫೇಲಾಗಲು ಏನು ಪುಣ್ಯ ಮಾಡಿದ್ದೆ?" ಎಂದು ಕೇಳಿದೆ.

"ಮ್ಯಾನ್ಯುಯಲ್ಲಲ್ಲಿರೋದ್ನೇ ಮೇಡಂ, ಒಂದ್ ಚುಕ್ಕೆ ಬುಡ್ದಂಗೆ ಒಡ್ದೆ. ನಂಬರ್ ಮಾತ್ರ ನಂದು ಕೊಟ್ಟೆ. ಎಲ್ರೂ ಅದೇ ಮೂವತ್ತು, ಇಪ್ಪತ್ತು, ನಲ್ವತ್ತು, ಇಪ್ಪತ್ತೈದು ಅಂತ ಕೊಟ್ರೆ ಆ ಮಿಸನ್ಗೂ ಬೇಜಾರಾಗಲ್ವಾ? ಐವತ್ತು, ಮೂವತ್ತು, ಎಪ್ಪತ್ತು, ಇಪ್ಪತ್ತು ಕೊಟ್ಟು ಎಪ್ಪತ್ತ ಅಳಿಸ್ದೆ. ಪರದೆ ತುಂಬ ಕೆಂಪು ಗೆರೆ ಬಂತು. ಪರೀಕ್ಸೆ ಮಾಡಕ್ಕೆ ಕುಂತಿದ್ದೋರು ಸರ್ಯಾಗಿ ಟೈಪ್ ಮಾಡು ಓಗಮ್ಮ ಅಂದ್ರು."

ಮಿಷನ್ನಿನ ಬೇಜಾರು ಕಳೆಯಲು ಹೋಗಿ ಫೇಲಾದವಳನ್ನು ನಾನು ಅದೇ ಮೊದಲು ನೋಡಿದ್ದು. ನಕ್ಕುಬಿಟ್ಟೆ. ಅವಳು ನಗಲಿಲ್ಲ. ಮ್ಯಾನ್ಯುಯಲ್ ತೆರೆದು ಅಳಿಸುವ ಭಾಗದ ಮೇಲೆ ಬೆರಳಿಟ್ಟಳು.

"ಇದ್ನ ನೋಡಿ ಮೇಡಂ. ಸೇರ್ಸೋವಾಗ, ಸೇರ್ಸಿದ ಸಂಖ್ಯೆ ಎಡಗಡೆ ಮಗುಗಿಂತ ಚಿಕ್ಕದಾ ದೊಡ್ದಾ ಅಂತ ನೋಡಿ ಎತ್ತಗೆ ತಿರುಗ್ಸೋದು ಅಂತ ಮಾಡವ್ರೆ. ಸರಿ. ಸೇರ್ದೋನು ಅಲ್ಲೇ ಅವ್ನಲ್ಲ, ಅವ್ನಿಂದ್ಲೇ ಭಾರ ಎಚ್ಚಾಗಿರೋದು. ಅಳಿಸೋವಾಗ್ಲೂ ಅದೇ ಸಾಲ್ನೇ ಆಕವ್ರೆ. ಅಳಿಸ್ದೋನು ಎಲ್ಲವ್ನೆ? ಎದ್ದು ಒಂಟೋದೋನ್ನ ಕೇಳ್ಕಂಡು ಉಳ್ದೋರ್ಗೆ ಜಾಗ ಅಂಚ್ತಾರಾ?"

ನಾನು ಮ್ಯಾನ್ಯುಯಲ್ ಕಿತ್ತುಕೊಂಡು ನೋಡಿದೆ. ಅಳಿಸುವ ಭಾಗದಲ್ಲಿ ನಾಲ್ಕು ಷರತ್ತುಗಳು, ಸೇರಿಸುವ ಭಾಗದಿಂದ ಅನಾಮತ್ತಾಗಿ ಎತ್ತಿ ತಂದವು. ಕೂತು ಲೆಕ್ಕ ಹಾಕಿದೆ. ಬಲಗಡೆಯಿಂದ ಒಂದು ಸಂಖ್ಯೆ ಅಳಿಸಿದ್ದರಿಂದ ಮರ ಎಡಕ್ಕೆ ವಾಲಿದೆ ಎಂದುಕೊಳ್ಳಿ. ಬಲಗಡೆ ಇದ್ದದ್ದೆಂದರೆ ಎಡಗಡೆಯ ಎಲ್ಲಕ್ಕಿಂತ ದೊಡ್ಡದು. ಹಾಗಾಗಿ "ಚಿಕ್ಕದೋ ದೊಡ್ಡದೋ" ಎಂದು ಕೇಳಿದರೆ ಯಾವಾಗಲೂ ಒಂದೇ ಉತ್ತರ: ದೊಡ್ಡದು. ಆಗ ಪ್ರೋಗ್ರಾಮು ಪ್ರತಿಸಲವೂ ಎರಡು ಸುತ್ತಿನ ತಿರುಗಣೆಯನ್ನೇ ಮಾಡುತ್ತದೆ: ಮೊದಲು ಎಡಮಗುವನ್ನು ಎಡಕ್ಕೆ, ಆಮೇಲೆ ಮೇಲಿನದನ್ನು ಬಲಕ್ಕೆ. ಎಡಮಗುವನ್ನು ಎಡಕ್ಕೆ ತಿರುಗಿಸಬೇಕಾದರೆ ಅದಕ್ಕೆ ಬಲಗಡೆ ಒಂದು ಮಗು ಇರಬೇಕಲ್ಲ? ಇಲ್ಲದಿದ್ದರೆ ಜಾವಾ ಇಲ್ಲದ್ದನ್ನು ಹಿಡಿಯಲು ಹೋಗಿ ನಲ್ ಪಾಯಿಂಟರ್ ಎಕ್ಸೆಪ್ಷನ್ ಎಂದು ಕೆಂಪು ಗೆರೆಗಳಲ್ಲಿ ಕೂಗಿಕೊಳ್ಳುತ್ತದೆ. ಮ್ಯಾನ್ಯುಯಲ್ಲಿನ ಮಾದರಿಯಲ್ಲಿ ಅಳಿಸುವುದು ನಲವತ್ತನ್ನು, ಇಪ್ಪತ್ತರ ಬಲಕ್ಕೆ ಇಪ್ಪತ್ತೈದು ಇತ್ತು. ಅದೃಷ್ಟ ನೋಡಿ, ಎರಡು ಸುತ್ತು ಬೇಕಾಗಿದ್ದ ಒಂದೇ ಆಕಾರವನ್ನು ಅವನು ಮಾದರಿ ಮಾಡಿದ್ದ. ಇವಳ ಸಂಖ್ಯೆಗಳಲ್ಲಿ ಮೂವತ್ತರ ಎಡಕ್ಕೆ ಇಪ್ಪತ್ತು ಇತ್ತು, ಬಲಕ್ಕೆ ಏನೂ ಇರಲಿಲ್ಲ.

ಟೈಪ್ ಮಾಡಿ ಓಡಿಸಿದೆ. ಪರದೆ ತುಂಬ ಕೆಂಪು. "ನೋಡುದ್ರಾ?" ಎಂದಳು. ನೋಡಿದೆ. ನನ್ನ ನೆತ್ತಿ ಬಿಸಿಯಾಯಿತು.

ಕ್ಯಾಂಟೀನಿಗೆ ದಡದಡ ನಡೆದೆ. ನನ್ನ ಗುತ್ತಲಿನ ಮಿತ್ರ ವಡೆಯನ್ನು ಚಟ್ನಿಯಲ್ಲಿ ಅದ್ದುತ್ತ ಕೂತಿದ್ದ.

"ಏನಯ್ಯ, ನೀನು ಬರೆದಿರೋದು ಮ್ಯಾನ್ಯುಯಲ್ಲಾ ಪಂಚಾಂಗವಾ?" ಎಂದೆ.

"ಕೂತ್ಕೊ ತಾಯಿ. ರೈಲಲ್ಲಿ ಸೀಟು ಸಿಗ್ನಿಲ್ವಾ?" ಎಂದ.

ಲ್ಯಾಪ್‌ಟಾಪನ್ನು ವಡೆಯ ತಟ್ಟೆಯ ಪಕ್ಕದಲ್ಲಿಟ್ಟೆ. ಅವನ ಪ್ರೋಗ್ರಾಮು, ಅದರಿಂದ ಫೇಲಾದ ಬೆಳಕವಾಡಿಯ ಹುಡುಗಿಯ ಸಂಖ್ಯೆ, ಕೆಂಪು ಗೆರೆ, ಎಲ್ಲವನ್ನೂ ತೋರಿಸಿ ಹೇಳಿದೆ. ಮೊದಲು ನನ್ನ ಟೈಪಿಂಗ್ ಸರಿಯಿಲ್ಲ ಎಂದ. ಆಮೇಲೆ ನನ್ನ ಜಾವಾ ಹಳೆಯದು ಎಂದ. ಆಮೇಲೆ "ಇಷ್ಟ್ ವರ್ಷದಿಂದ ಒಬ್ನೂ ಕೆಮ್ಮಿಲ್ಲ ಕಣಮ್ಮ" ಎಂದ. ಎಲ್ಲರೂ ಅದೇ ನಾಲ್ಕು ಸಂಖ್ಯೆ ಕೊಡುತ್ತಿದ್ದರೆ ಕೆಮ್ಮುವವರು ಯಾರು ಎಂದು ಕೇಳಿದೆ. ವಡೆ ಕೈಯಲ್ಲೇ ಉಳಿಯಿತು. ಒಂದು ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಮರ ಬರೆದು, ಅಳಿಸಿ, ಮತ್ತೆ ಬರೆದ. ಎಣ್ಣೆ ಹತ್ತಿದ ನ್ಯಾಪ್‌ಕಿನ್ನಿನಲ್ಲಿ ಅವನ ಮರ ಆರಪಾರ ಕಾಣುತ್ತಿತ್ತು.

"ಎಡಮಗೂದೇ ಬ್ಯಾಲೆನ್ಸ್ ನೋಡ್ಬೇಕಾಗಿತ್ತು, ಅಲ್ವಾ?" ಎಂದ ಕೊನೆಗೆ, ಮೆಲ್ಲಗೆ.

"ಅಲ್ವಾ ಅಂತ ನನ್ನನ್ನ ಕೇಳ್ತೀಯಲ್ಲ!"

ಅದೇ ಸರಿಯಾದ ದಾರಿ. ಅಳಿಸಿದ ಸಂಖ್ಯೆಯ ಗೊಡವೆಯೇ ಬೇಡ. ಮೇಲಿನದು ಎರಡಾಗಿದ್ದರೆ, ಎಡಮಗುವಿನ ಸ್ವಂತ ಬ್ಯಾಲೆನ್ಸ್ ನೋಡಬೇಕು. ಅದು ಸೊನ್ನೆ ಅಥವಾ ಹೆಚ್ಚಿದ್ದರೆ ಬಲಕ್ಕೆ ಒಂದೇ ಸುತ್ತು ಸಾಕು. ಸೊನ್ನೆಗಿಂತ ಕಡಿಮೆಯಿದ್ದರೆ ಮಾತ್ರ ಎರಡು ಸುತ್ತು. ಬಲಕ್ಕೆ ವಾಲಿದಾಗ ಇದೇ ಲೆಕ್ಕ ತಿರುಗುಮುರುಗು.

"ಈಗಲೇ ಒಂದು ತಿದ್ದುಪಡಿ ಅಂಟಿಸಿಬಿಡು" ಎಂದೆ. ಅವನು ತಲೆ ಕೆರೆದುಕೊಂಡ. ಪರೀಕ್ಷೆ ಹತ್ತಿರವಿತ್ತು. ಅರ್ಧ ತರಗತಿ ಆಗಲೇ ಹಳೆಯದನ್ನು ಬಾಯಿಪಾಠ ಮಾಡಿ ಮುಗಿಸಿತ್ತು. ಈಗ ತಿದ್ದಿದರೆ ಹಳೆಯದೂ ಹೊಸದೂ ಕಲಸಿಹೋಗಿ ಎಲ್ಲರ ಗತಿಯೂ ಹಳ್ಳ ಹಿಡಿಯುತ್ತದೆ, ಪರೀಕ್ಷೆ ಮುಗಿಯಲಿ ಎಂದ. ನನಗೆ ಕೋಪ ಬಂತು, ಆದರೆ ಅವನ ಮಾತು ಸುಳ್ಳಾಗಿರಲಿಲ್ಲ.

ಹುಡುಗಿಯನ್ನು ಕರೆದು ಹೇಳಿದೆ: "ನೋಡಮ್ಮ, ನೀನು ಹೇಳಿದ್ದೇ ಸರಿ. ಆದರೆ ನಿನಗೀಗ ಬೇಕಾಗಿರುವುದು ಪಾಸು. ಎವಿಎಲ್ ಬಂದರೆ ಮ್ಯಾನ್ಯುಯಲ್ಲಿನಂತೆಯೇ ಹೊಡಿ, ಅದೇ ನಾಲ್ಕು ಸಂಖ್ಯೆ ಕೊಡು, ಕಣ್ಣುಮುಚ್ಚಿಕೊಂಡು ಪಾಸಾಗು."

"ತಪ್ಪು ಅಂತ ಗೊತ್ತಾದ್ಮೇಲೂವಾ?"

"ಗೊತ್ತಾದ್ಮೇಲೂ."

"ಆಗಲ್ಲ ಬುಡಿ ಮೇಡಂ" ಎಂದಳು. ಅಷ್ಟೇ. ವಾದವೂ ಇಲ್ಲ, ಗಲಾಟೆಯೂ ಇಲ್ಲ. ನನ್ನ ಕೋಪಕ್ಕೆ ಊರೇ ಹೆದರುತ್ತದೆ, ಇವಳು ಕಣ್ಣನ್ನೂ ಮಿಟುಕಿಸಲಿಲ್ಲ.

ಸರಿ, ಹಾಗಾದರೆ ನೆಟ್ಟಗೆ ಕಲಿ ಎಂದು ಸಂಜೆ ಹೊತ್ತು ಲ್ಯಾಬಿನಲ್ಲಿ ಕೂರಿಸಿದೆ. ಕರೆಂಟು ಹೋದರೆ ಬೋರ್ಡಿನ ಮೇಲೆ. ಅವಳಿಗೆ ಒಂದು ಅಭ್ಯಾಸವಿತ್ತು, ಪ್ರತಿ ಸಂಖ್ಯೆಯ ನೆತ್ತಿಯ ಮೇಲೆ ಅದರ ಬ್ಯಾಲೆನ್ಸನ್ನು ಪುಟ್ಟದಾಗಿ ಬರೆಯದೆ ಮುಂದೆ ಹೋಗುತ್ತಿರಲಿಲ್ಲ. ಮೊದಮೊದಲು, ತಿರುಗಿಸಿದ ಮೇಲೆ ಎತ್ತರ ಬರೆಯುವ ಸರದಿಯಲ್ಲಿ ಎಡವುತ್ತಿದ್ದಳು. ತಿರುಗಿಸಿದಾಗ ಒಂದು ಸಂಖ್ಯೆ ಕೆಳಗಿಳಿಯುತ್ತದೆ, ಇನ್ನೊಂದು ಮೇಲೇರುತ್ತದೆ. ಇಳಿದದ್ದರ ಎತ್ತರ ಮೊದಲು ಲೆಕ್ಕ ಹಾಕಬೇಕು, ಏರಿದ್ದರದು ಆಮೇಲೆ, ಯಾಕೆಂದರೆ ಈಗ ಇಳಿದದ್ದೇ ಏರಿದ್ದರ ಮಗು. ಇವಳು ಏರಿದ್ದನ್ನು ಮೊದಲು ಲೆಕ್ಕ ಹಾಕಿ, ಹಳೆಯ ಎತ್ತರವನ್ನೇ ನಂಬಿಕೊಂಡು ಕೂರುತ್ತಿದ್ದಳು.

"ಇಳಿದವರನ್ನ ಮೊದಲು ವಿಚಾರಿಸಮ್ಮ" ಎಂದರೆ, "ಎಲ್ಲೂ ಅಂಗೆ ಮಾಡದ್ನ ನಾನು ನೋಡೇ ಇಲ್ಲ ಮೇಡಂ, ಅದ್ಕೇ ಮರ್ತೋಯ್ತದೆ" ಎನ್ನುತ್ತಿದ್ದಳು.

ಇನ್ನೊಂದು ದಿನ ತಿರುಗಿಸಿದ್ದೆಲ್ಲ ಸರಿಯಿದ್ದರೂ ಮರ ಮಾತ್ರ ಹಳೆಯ ಹಾಗೇ ಅಚ್ಚಾಗುತ್ತಿತ್ತು. ಅಳಿಸುವ ಭಾಗ, ಆ ಜಾಗಕ್ಕೆ ಮೇಲೇರಿ ಬಂದ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಅದನ್ನು ತಂದೆಯ ಎಡಕ್ಕೋ ಬಲಕ್ಕೋ ಮತ್ತೆ ಕಟ್ಟದಿದ್ದರೆ ಜಾವಾಕ್ಕೆ ಹೊಸಬ ಬಂದದ್ದೇ ಗೊತ್ತಾಗುವುದಿಲ್ಲ. ನಾನು ಹಣೆ ಚಚ್ಚಿಕೊಂಡೆ. ಅವಳು ತಾನೇ ಕಂಡುಹಿಡಿದು, ಚಪ್ಪಾಳೆ ತಟ್ಟಿಕೊಂಡು, ಬಸ್ಸು ತಪ್ಪಿಸಿಕೊಂಡಳು. ಪರೀಕ್ಷೆಯ ಹೊತ್ತಿಗೆ ಅವಳ ಅಳಿಸುವ ಭಾಗ ಅಪ್ಪಟವಾಗಿತ್ತು. ನಾನೇ ಎಲ್ಲ ಆಕಾರಗಳನ್ನೂ ಕೊಟ್ಟು ನೋಡಿದ್ದೆ.

ಪರೀಕ್ಷೆಯ ದಿನ ಒಳಗಿನ ಪರೀಕ್ಷಕಿ ನಾನು. ಹೊರಗಿನವರು ಬೇರೆ ಊರಿನ ಕಾಲೇಜಿನ ಹಿರಿಯ ಮೇಷ್ಟರು, ಬೆಳ್ಳಗಿನ ತಲೆ, ತಣ್ಣಗಿನ ಮಾತು. ಪ್ರೋಗ್ರಾಮು ಯಾವುದೆಂದು ಚೀಟಿ ಎತ್ತಿ ತಿಳಿಯುವುದು ನಮ್ಮಲ್ಲಿ ಪದ್ಧತಿ. ಹುಡುಗಿ ಚೀಟಿ ಎತ್ತಿದಳು. ಎವಿಎಲ್. ಆ ಚೀಟಿಗೂ ಅವಳಿಗೂ ಯಾವ ಜನ್ಮದ ದ್ವೇಷವೋ! ಬೇಕೆಂದರೆ ಒಂದು ಸಲ ಚೀಟಿ ಬದಲಾಯಿಸಬಹುದು, ಮಾರ್ಕ್ಸ್ ಸ್ವಲ್ಪ ಕಡಿತ. ನಾನು ಕಣ್ಣಲ್ಲೇ "ಬದಲಾಯಿಸು" ಎಂದೆ. ಅವಳು ನನ್ನ ಕಡೆ ನೋಡದೆ ಹೋಗಿ ಕೂತಳು.

ಉಳಿದವರೆಲ್ಲ ಮ್ಯಾನ್ಯುಯಲನ್ನು ಬೆರಳ ತುದಿಯಿಂದ ಸುರಿಸುತ್ತಿದ್ದರು. ಎವಿಎಲ್ ಬಂದಿದ್ದ ಮತ್ತೊಬ್ಬ ಹುಡುಗ ಮೂವತ್ತು, ಇಪ್ಪತ್ತು, ನಲವತ್ತು, ಇಪ್ಪತ್ತೈದು ಕೊಟ್ಟು, ನಲವತ್ತನ್ನು ಅಳಿಸಿ, ಬರಬೇಕಾದ ಉತ್ತರ ಬರಿಸಿ, ಮೇಷ್ಟರ ತಲೆಯಾಡಿಕೆ ಪಡೆದು ಎದ್ದೇಬಿಟ್ಟ. ನಾನು ಹುಡುಗಿಯ ಹಿಂದೆ ಹೋಗಿ ನಿಂತೆ. ಅಳಿಸುವ ಭಾಗಕ್ಕೆ ಬಂದಿದ್ದಳು. ಮೇಲಿನದು ಒಂದಕ್ಕಿಂತ ಹೆಚ್ಚು, ಸರಿ. ಎಡಮಗುವಿನ ಬ್ಯಾಲೆನ್ಸ್ ಸೊನ್ನೆಗಿಂತ ಹೆಚ್ಚು ಎಂದು ಹೊಡೆದು ಮುಂದಿನ ಸಾಲಿಗೆ ಹೋದಳು. "ಸೊನ್ನೆಗೆ ಸಮ ಅಥವಾ ಹೆಚ್ಚು" ಆಗಬೇಕಿತ್ತು. ಗಡಿಬಿಡಿಯಲ್ಲಿ "=" ಚಿಹ್ನೆ ಬಿಟ್ಟಿದ್ದಳು.

ಅಯ್ಯೋ ನನ್ನಪ್ಪ! ಒಳಗಿನ ಪರೀಕ್ಷಕಿ ಬಾಯಿ ಬಿಡುವಂತಿಲ್ಲ. ನನ್ನಂಥವಳಿಗೆ ಬಾಯಿ ಮುಚ್ಚಿಕೊಂಡಿರುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದೆ. ನನ್ನ ಗುತ್ತಲಿನ ಮಿತ್ರ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ಅವನಿಗೆ ಆವತ್ತು ಡ್ಯೂಟಿಯೇ ಇರಲಿಲ್ಲ.

ಮೇಷ್ಟರು ಅವಳ ಬಳಿ ಬಂದರು. ಪರದೆ ನೋಡಿದರು, ಮ್ಯಾನ್ಯುಯಲ್ ನೋಡಿದರು.

"ಇದು ಪುಸ್ತಕದಲ್ಲಿರುವ ಹಾಗಿಲ್ಲವಲ್ಲ, ಯಾಕಮ್ಮ?"

"ಪುಸ್ತಕದಲ್ಲಿರದು ಅಳಿಸ್ದೋನ್ನ ಕೇಳತ್ತೆ ಸಾ. ನಾನು ಉಳ್ದೋರ್ನ ಕೇಳೀನಿ."

ಮೇಷ್ಟರ ಹುಬ್ಬು ಮೇಲೇರಿತು. ಕುರ್ಚಿ ಎಳೆದುಕೊಂಡು ಕೂತರು. ಮೊದಲು ಮೂವತ್ತು, ಇಪ್ಪತ್ತು, ನಲವತ್ತು, ಹತ್ತು ಕೊಟ್ಟು ನಲವತ್ತು ಅಳಿಸಲು ಹೇಳಿದರು. ಇಪ್ಪತ್ತು ಬೇರಾಯಿತು, ಅದರ ಎಡಕ್ಕೆ ಹತ್ತು, ಬಲಕ್ಕೆ ಮೂವತ್ತು, ಮೂರೂ ಸಂಖ್ಯೆಗಳ ಮುಂದೆ ಬ್ಯಾಲೆನ್ಸ್ ಸೊನ್ನೆ. ಅದನ್ನೇ ಮ್ಯಾನ್ಯುಯಲ್ಲಿನ ಪ್ರೋಗ್ರಾಮಿಗೆ ಕೊಟ್ಟರೆ ಏನಾಗುತ್ತದೆಂದು ಎದ್ದುಹೋದ ಹುಡುಗನ ಕಂಪ್ಯೂಟರಿನಲ್ಲಿ ನೋಡಿದರು. ಕೆಂಪು ಗೆರೆ. ಮೇಷ್ಟರು "ಓಹೋ" ಎಂದರು, ಅಷ್ಟೇ. ಹುಡುಗಿಯ ಕಡೆ ತಿರುಗಿ, "ಇನ್ನೊಂದು ಕೊಡು. ಮೂವತ್ತು, ಇಪ್ಪತ್ತು, ನಲವತ್ತು, ಹತ್ತು, ಇಪ್ಪತ್ತೈದು. ನಲವತ್ತು ಅಳಿಸು" ಎಂದರು.

ಇಪ್ಪತ್ತರ ಎಡಕ್ಕೆ ಹತ್ತು, ಬಲಕ್ಕೆ ಇಪ್ಪತ್ತೈದು, ಎರಡೂ ಕಡೆ ಒಂದೇ ಎತ್ತರ. ಇಪ್ಪತ್ತರ ಬ್ಯಾಲೆನ್ಸ್ ಸೊನ್ನೆ. ಅವಳ ಪ್ರೋಗ್ರಾಮಿನಲ್ಲಿ ಸೊನ್ನೆಯನ್ನು ಕೇಳುವವರೇ ಇಲ್ಲ.

ಪರದೆಯ ಮೇಲೆ ಬೇರಾಗಿ ಮೂವತ್ತೇ ಕೂತಿತ್ತು, ಮುಂದೆ ಎರಡು ಎಂದು ಬ್ಯಾಲೆನ್ಸು. ಮರ ವಾಲಿಕೊಂಡೇ ನಿಂತಿತ್ತು. ಮೇಷ್ಟರು ಗಡಿಯಾರ ನೋಡಿದರು. "ಸಮಯ ಇನ್ನೂ ಇದೆ. ಸರಿಮಾಡಿದರೆ ನೋಡುತ್ತೇನೆ. ಇಲ್ಲದಿದ್ದರೆ ವಾಲಿದ ಮರಕ್ಕೆ ನಾನು ಪಾಸು ಕೊಡಲಾರೆ" ಎಂದು ಎದ್ದರು.

ಹುಡುಗಿಯ ಮುಖ ಬಿಳುಚಿಕೊಂಡಿತು. ಪರದೆಯನ್ನೇ ನೋಡಿದಳು. ನನಗೂ ಅಳು ಬಂದಂತಾಯಿತು, ಒಂದು "=" ಚಿಹ್ನೆಗೆ ಈ ಹುಡುಗಿಯ ಒಂದು ವರ್ಷ ಹೋಗುತ್ತದಲ್ಲಾ ಎಂದು. ಅದಕ್ಕೆ ಸರಿಯಾಗಿ ಅವಳು ಕೀಬೋರ್ಡನ್ನು ಆಚೆ ತಳ್ಳಿ ಹಾಳೆ ತೆಗೆದುಕೊಂಡಳು.

ಮರ ಬರೆದಳು. ಪ್ರತಿ ಸಂಖ್ಯೆಯ ನೆತ್ತಿಯ ಮೇಲೆ ಬ್ಯಾಲೆನ್ಸ್ ಬರೆದಳು. ಹತ್ತರ ಮೇಲೆ ಸೊನ್ನೆ, ಇಪ್ಪತ್ತೈದರ ಮೇಲೆ ಸೊನ್ನೆ, ಇಪ್ಪತ್ತರ ಮೇಲೆ ಸೊನ್ನೆ, ಮೂವತ್ತರ ಮೇಲೆ ಎರಡು. ಪೆನ್ನಿನ ತುದಿ ಇಪ್ಪತ್ತರ ಮೇಲಿನ ಸೊನ್ನೆಯ ಮೇಲೆ ನಿಂತಿತು. ಆಮೇಲೆ ಪರದೆಯ ಮೇಲಿನ ಸಾಲನ್ನು ಬೆರಳಿಟ್ಟು ಓದಿದಳು. "ಥೂ, ನಿನ್ನ!" ಎಂದು ತನಗೆ ತಾನೇ ಬೈದುಕೊಂಡಳು. "=" ಸೇರಿಸಿದಳು. ಬಲಕ್ಕೆ ವಾಲುವ ಕಡೆಯ ಸಾಲಿನಲ್ಲೂ ಅದೇ ತಪ್ಪಿತ್ತು, ಅದನ್ನೂ ತಿದ್ದಿದಳು. ಓಡಿಸಿದಳು. ಇಪ್ಪತ್ತು ಬೇರಾಗಿ ಬಂತು, ಬ್ಯಾಲೆನ್ಸ್ ಮೈನಸ್ ಒಂದು. ಎಡಕ್ಕೆ ಹತ್ತು. ಬಲಕ್ಕೆ ಮೂವತ್ತು, ಅದರ ಬ್ಯಾಲೆನ್ಸ್ ಒಂದು, ಅದರ ಎಡಕ್ಕೆ ಇಪ್ಪತ್ತೈದು.

ನಾನು ಹಿಡಿದಿದ್ದ ಉಸಿರನ್ನು ಎಷ್ಟು ಜೋರಾಗಿ ಬಿಟ್ಟೆನೆಂದರೆ ಮೇಷ್ಟರು ತಿರುಗಿ ನೋಡಿದರು.

"ಸೇರಿಸುವಾಗ ಈ ಸೊನ್ನೆ ಯಾಕೆ ತೊಂದರೆ ಕೊಡಲಿಲ್ಲ?" ಎಂದು ಅವಳನ್ನು ಕೇಳಿದರು.

"ಸೇರ್ಸೋವಾಗ ಅಂಗೆ ಬರಾದೇ ಇಲ್ಲ ಸಾ. ಮಗೂದು ಸೊನ್ನೆ ಆಯ್ತು ಅಂದ್ರೆ ಗಿಡ್ಡ ಇದ್ದ ಕಡೆ ತುಂಬ್ಕಂತು ಅಂತ. ಅದ್ರ ಎತ್ರ ಎಚ್ಚಾಗ್ನಿಲ್ಲ. ಮಗ ಎತ್ರ ಆಗ್ದೆ ಅಪ್ಪ ಯಾಕ್ ವಾಲ್ತಾನೆ? ಅಳಿಸೋವಾಗ ಬೇರೆ. ಆಕಡೆ ಕಮ್ಮಿ ಆಗಿ ಈಕಡೆ ವಾಲೋದು. ಈಕಡೆ ಮಗು ಸೊನ್ನೇಲೇ ಕುಂತಿರ್ಬೋದು, ಅದ್ಕೇನೂ ಗೊತ್ತೇ ಇರಲ್ಲ."

"ಸೇರಿಸುವಾಗ ಒಂದು ಕಡೆ ಸರಿಮಾಡಿದರೆ ಮುಗಿಯಿತು. ಅಳಿಸುವಾಗಲೂ ಹಾಗೆಯೇ ತಾನೆ?"

"ಇಲ್ಲ ಸಾ. ಮೊದ್ಲು ಕೊಟ್ರಲ್ಲ, ಅದ್ರಲ್ಲಿ ತಿರುಗ್ಸಿದ್ಮೇಲೆ ಎತ್ರ ಕಮ್ಮಿ ಆಯ್ತು. ಮೇಲೆ ಇನ್ನೂ ಯಾರಾದ್ರೂ ಇದ್ದಿದ್ರೆ ಅವ್ರೂ ವಾಲ್ಬೋದು. ಬೇರ್ಗಂಟ ನೋಡ್ಕಂಡೇ ಓಗ್ಬೇಕು. ಈಗಿನ್ದ್ರಲ್ಲಿ ಎತ್ರ ಮೊದಲ್ನಂಗೇ ಉಳ್ಕತ್ತು, ಮೇಲಿನೋರ್ಗೆ ನಿದ್ದೆ ಕೆಡಲ್ಲ."

ಮೇಷ್ಟರು ನಕ್ಕರು. ಪೆನ್ನು ತೆಗೆದು ಮಾರ್ಕ್ಸ್ ಬರೆದರು. ನನ್ನ ಮುಂದೆ ಹಿಡಿದಾಗ ನೋಡಿದೆ. ಪಾಸು. ಆದರೆ ಮೊದಲ ಸಲ ತಪ್ಪು ಬಂದದ್ದಕ್ಕೆ ಕಡಿತವಾಗಿ, ಕೆಂಪು ಗೆರೆಯ ಪ್ರೋಗ್ರಾಮಿನ ಹುಡುಗನಿಗಿಂತ ಇವಳಿಗೆ ಕಡಿಮೆ. ನಾನು ಕೆರಳಿ ಕೇಳಿಯೇಬಿಟ್ಟೆ. "ಅವನು ಬರೆದದ್ದು ನಿಮ್ಮ ಮ್ಯಾನ್ಯುಯಲ್ಲಿನಂತೆಯೇ ಇದೆ ಮೇಡಂ, ನಾನು ಯಾವ ನಿಯಮದಲ್ಲಿ ಕಡಿಯಲಿ?" ಎಂದರು. ಸಹಿ ಹಾಕಿದೆ.

ಹುಡುಗಿ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಗೆ ಬಂದಳು, ಹಿಂದೆಯೇ ನಾನು. ಕಾರಿಡಾರಿನಲ್ಲಿ ಓಡಾಡುತ್ತಿದ್ದ ನನ್ನ ಮಿತ್ರ ಅವಳೆದುರು ನಿಂತ.

"ಪಾಸಾ?"

"ಊಂ ಸಾ."

ಬೈದರೂ ನಗುವವನು ಆವತ್ತು ನಗುತ್ತಿರಲಿಲ್ಲ. "ಓದ ವರ್ಸ ನೀನು ಫೇಲಾಗಿದ್ದು ನನ್ನಿಂದ ಕಣಮ್ಮ. ಮ್ಯಾನ್ಯುಯಲ್ಲೇ ತಪ್ಪಿತ್ತು. ಕೆಂಪು ಗೆರೆ ಬಂದಾಗ್ಲೇ ನನ್ ತಾವ ಬಂದು ಒಂದ್ ಮಾತು ಯೋಳ್ಬಾರ್ದಾಗಿತ್ತಾ? ನಾನೇ ನಿಂತು ಸರಿಮಾಡಿಸ್ತಿದ್ದೆ."

ಹುಡುಗಿ ಅವನ ಮುಖವನ್ನೇ ನೋಡಿದಳು. ಕೋಪವೇನೂ ಇರಲಿಲ್ಲ, ಸ್ವಲ್ಪ ಆಶ್ಚರ್ಯವಿತ್ತು.

"ಯೋಳ್ದೆನಲ್ಲ ಸಾ. ಅವತ್ತು ಪರೀಕ್ಸೆ ಮಾಡಕ್ಕೆ ಕುಂತಿದ್ದೋರು ನೀವೇ. ಸರ್ಯಾಗಿ ಟೈಪ್ ಮಾಡು ಓಗಮ್ಮ ಅಂದ್ರಿ."

ಅವಳು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು.

"ಮಳವಳ್ಳಿ ಬಸ್ಸಿಗೆ ಒತ್ತಾಯ್ತು, ಬತ್ತೀನಿ ಸಾ" ಎಂದು ಮೆಟ್ಟಿಲಿಳಿದಳು.